ಒಂದೇ ಚಾರ್ಟ್, ಒಬ್ಬನಿಗೆ 10, ಇನ್ನೊಬ್ಬಳಿಗೆ 3: ರೌಂಡ್ ರಾಬಿನ್ ಉತ್ತರ ತಿದ್ದುವಾಗ ಆದ ಎಡವಟ್ಟು

ಇದು ಒಂದು ಇಂಜಿನಿಯರಿಂಗ್ ಕಾಲೇಜಿನ ಎರಡನೇ ಇಂಟರ್ನಲ್ಸ್‌ನಲ್ಲಿ ನಡೆದದ್ದು. ಯಾವ ಕಾಲೇಜು, ಯಾವ ವರ್ಷ, ಯಾರ ಮಕ್ಕಳು ಅನ್ನುವುದು ಇಲ್ಲಿ ಬೇಡ. ಬ್ಲೂ ಬುಕ್ ತಿದ್ದಿದ್ದು ನಾನು, ಎಡವಿದ್ದೂ ನಾನೇ. ಅಷ್ಟು ಸಾಕು.

ಹಿನ್ನೆಲೆ

ಆಪರೇಟಿಂಗ್ ಸಿಸ್ಟಮ್ಸ್ ಪೇಪರ್‌ನಲ್ಲಿ ಸಿಪಿಯು ಶೆಡ್ಯೂಲಿಂಗ್ ಮೇಲೆ ಒಂದು ಲೆಕ್ಕ ಇದ್ದೇ ಇರುತ್ತದೆ. ಮಕ್ಕಳಿಗೂ ಅದು ಇಷ್ಟ. ಥಿಯರಿ ಬಾಯಿಪಾಠ ಮಾಡುವುದಕ್ಕಿಂತ ಚಾರ್ಟ್ ಬರೆದು ನಾಲ್ಕು ಕಳೆಯುವ ಲೆಕ್ಕ ಮಾಡಿದರೆ 10 ಮಾರ್ಕ್ಸ್ ಕೈಗೆ ಬರುತ್ತದೆ ಎನ್ನುವ ಲೆಕ್ಕಾಚಾರ ಅವರದು. ತಿದ್ದುವವರಿಗೂ ಅದೇ ಸುಖ. ಕೊನೆಯಲ್ಲಿ ಎರಡು ಸಂಖ್ಯೆ ಇರುತ್ತವೆ, ಹೊಂದಿದರೆ ಸರಿ, ಇಲ್ಲದಿದ್ದರೆ ತಪ್ಪು.

ಆ ಸಲ ನಾನು ಕೊಟ್ಟ ಪ್ರಶ್ನೆ ಇದು. ರೌಂಡ್ ರಾಬಿನ್, ಅಂದರೆ ಕ್ಯೂನಲ್ಲಿ ನಿಂತ ಪ್ರೋಸೆಸ್‌ಗಳಿಗೆ ಸರದಿಯಂತೆ ಸಿಪಿಯು. ಕ್ವಾಂಟಮ್ 2, ಅಂದರೆ ಒಂದು ಸರದಿಗೆ ಹೆಚ್ಚೆಂದರೆ 2 ಯೂನಿಟ್ ಹೊತ್ತು. ಗ್ಯಾಂಟ್ ಚಾರ್ಟ್ ಬರೆದು ಸರಾಸರಿ ಟರ್ನ್‌ಅರೌಂಡ್ ಟೈಮ್ ಮತ್ತು ಸರಾಸರಿ ವೇಟಿಂಗ್ ಟೈಮ್ ಕಂಡುಹಿಡಿಯಿರಿ.

| ಪ್ರೋಸೆಸ್ | ಅರೈವಲ್ | ಬರ್ಸ್ಟ್ |
|---|---|---|
| P1 | 0 | 5 |
| P2 | 1 | 3 |
| P3 | 2 | 1 |
| P4 | 4 | 2 |

ಸ್ಕೀಮ್‌ನಲ್ಲಿ ಚಾರ್ಟ್‌ಗೆ 4, ಟರ್ನ್‌ಅರೌಂಡ್‌ಗೆ 2, ವೇಟಿಂಗ್‌ಗೆ 2, ಎರಡೂ ಸರಾಸರಿಗೆ ಸೇರಿ 2 ಮಾರ್ಕ್ಸ್ ಹಂಚಿದ್ದೆ. ಕೀ ಆನ್ಸರ್ ನಾನೇ ಬರೆದದ್ದು:

```
0    2    4  5    7    9  10 11
| P1 | P2 |P3| P1 | P4 |P2|P1|
```

ಪ್ರತಿ ಪ್ರೋಸೆಸ್ ಮುಗಿದ ಹೊತ್ತಿನಿಂದ ಅದು ಬಂದ ಹೊತ್ತನ್ನು ಕಳೆದರೆ ಟರ್ನ್‌ಅರೌಂಡ್. P1 ರಿಂದ P4ವರೆಗೆ ಕ್ರಮವಾಗಿ 11, 9, 3, 5. ಸರಾಸರಿ 7. ಅದರಿಂದ ಬರ್ಸ್ಟ್, ಅಂದರೆ ಪ್ರೋಸೆಸ್‌ಗೆ ಬೇಕಾದ ಸಿಪಿಯು ಹೊತ್ತು, ಕಳೆದರೆ ವೇಟಿಂಗ್. 6, 6, 2, 3. ಸರಾಸರಿ 4.25.

60ಕ್ಕೂ ಜಾಸ್ತಿ ಬುಕ್ ಇದ್ದವು. ಎರಡು ದಿನದಲ್ಲಿ ಮಾರ್ಕ್ಸ್ ಏರಿಸಬೇಕಿತ್ತು. ಹಾಗಾಗಿ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಮೊದಲು ಕೊನೆಯ ಸಾಲಿಗೆ ಹೋಗುವುದು. 7 ಮತ್ತು 4.25 ಇದ್ದರೆ ಮೇಲಿನ ಚಾರ್ಟ್ ಮೇಲೆ ಸುಮ್ನೆ ಕಣ್ಣಾಡಿಸಿ 10 ಹಾಕುವುದು. ಇಲ್ಲದಿದ್ದರೆ ಮಾತ್ರ ಚಾರ್ಟ್ ಓದುವುದು.

ಎರಡು ಬ್ಲೂ ಬುಕ್

ಬುಕ್ ಹಂಚಿದ ದಿನ ಊಟದ ಹೊತ್ತಿಗೆ ಒಬ್ಬ ಹುಡುಗಿ ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಎರಡು ಬುಕ್. ಒಂದು ಅವಳದು, ಇನ್ನೊಂದು ಅವಳ ಕ್ಲಾಸ್‌ಮೇಟ್‌ನದು. ಅವನೂ ಹಿಂದೆ ನಿಂತಿದ್ದ, ಬರಲು ಮನಸ್ಸಿಲ್ಲದವನ ಹಾಗೆ.

"ಮೇಡಂ, ನಮ್ಮಿಬ್ಬರದೂ ಚಾರ್ಟ್ ಒಂದೇ. ಅವನಿಗೆ 10 ಕೊಟ್ಟಿದ್ದೀರ, ನನಗೆ 3."

ನೋಡಿದೆ. ಹೌದು, ಎರಡೂ ಬುಕ್‌ನಲ್ಲಿ ಇದ್ದದ್ದು ಇದು:

```
0    2    4    6  7  8    10 11
| P1 | P2 | P1 |P3|P2| P4 |P1|
```

ನನ್ನ ಕೀ ಚಾರ್ಟ್ ಅಲ್ಲ ಇದು. ಆದರೂ ಅವನ ಕೊನೆಯ ಸಾಲಿನಲ್ಲಿ 7 ಮತ್ತು 4.25. ಅವಳದರಲ್ಲಿ 7.25 ಮತ್ತು 4.5.

ಆ ಕ್ಷಣಕ್ಕೆ ನನ್ನ ತಲೆಗೆ ಬಂದ ಉತ್ತರ, "ನಿನ್ನ ಚಾರ್ಟ್ ತಪ್ಪು, ಅವನದೂ ತಪ್ಪೇ, ಅವನಿಗೆ ಜಾಸ್ತಿ ಹೋಗಿದೆ" ಅನ್ನುವುದು. ಹೇಳಿಬಿಡುತ್ತಿದ್ದೆ. ಆದರೆ ಅವಳು ಕೇಳಿದ ಮುಂದಿನ ಮಾತು ನನ್ನನ್ನು ತಡೆಯಿತು. "ಎಷ್ಟನೇ ಬಾಕ್ಸ್ ತಪ್ಪು ಅಂತ ತೋರಿಸಿ ಮೇಡಂ." ಪೆನ್ ಹಿಡಿದು ಬಾಕ್ಸ್ ಹುಡುಕಲು ಹೊರಟೆ. ಮೊದಲ ಎರಡು ಬಾಕ್ಸ್ ನನ್ನದರ ಹಾಗೇ ಇದ್ದವು. ಮೂರನೆಯದರಲ್ಲಿ ದಾರಿ ಬೇರೆ. 4ರಲ್ಲಿ ನಾನು P3 ಹಾಕಿದ್ದೆ, ಅವಳು P1. ಯಾಕೆ ಅಂತ ಕೇಳಿದೆ.

"2ನೇ ಸೆಕೆಂಡಿಗೆ P1ನ ಕ್ವಾಂಟಮ್ ಮುಗೀತು, ಕ್ಯೂಗೆ ಹೋಯ್ತು. ಅದೇ 2ಕ್ಕೆ P3 ಬಂತು. P1 ಆಗಲೇ ಒಳಗಿತ್ತು, P3 ಹೊರಗಿಂದ ಬರ್ತಾ ಇದೆ. ಒಳಗಿದ್ದವರು ಮೊದಲು ನಿಲ್ತಾರೆ ಅಲ್ವಾ?"

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಬುಕ್ ಎರಡೂ ಇಟ್ಟುಕೊಂಡು ನಾಳೆ ಬನ್ನಿ ಅಂದೆ.

ಮೊದಲು ಪುಸ್ತಕ, ಆಮೇಲೆ ಪ್ರೋಗ್ರಾಮ್

ನಾವು ಪಾಠಕ್ಕೆ ಇಟ್ಟಿದ್ದ ಪುಸ್ತಕ ತೆಗೆದೆ. ಹೊಸ ಪ್ರೋಸೆಸ್ ರೆಡಿ ಕ್ಯೂನ ಬಾಲಕ್ಕೆ ಸೇರುತ್ತದೆ ಎಂದಿದೆ. ಕ್ವಾಂಟಮ್ ಮುಗಿದ ಪ್ರೋಸೆಸ್ ಕೂಡ ಬಾಲಕ್ಕೇ ಹೋಗುತ್ತದೆ ಎಂದಿದೆ. ಎರಡೂ ಒಂದೇ ಕ್ಷಣಕ್ಕೆ ಆದರೆ ಬಾಲದಲ್ಲಿ ಯಾರು ಮುಂದೆ? ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ. ನಾನು ಇಷ್ಟು ವರ್ಷ "ಹೊಸಬರು ಮೊದಲು" ಎಂದು ಬೋರ್ಡ್ ಮೇಲೆ ಬಿಡಿಸುತ್ತಿದ್ದೆ. ನನಗೆ ಕಲಿಸಿದವರು ಹಾಗೆ ಬಿಡಿಸಿದ್ದರು, ಅಷ್ಟೇ. ಕ್ಲಾಸಿನಲ್ಲಿ ಅದನ್ನು ನಿಯಮ ಅಂತ ಬಾಯಿಬಿಟ್ಟು ಹೇಳಿದ ನೆನಪಿಲ್ಲ. ಪ್ರಶ್ನೆಯಲ್ಲಂತೂ ಬರೆದಿರಲಿಲ್ಲ.

ಪಕ್ಕದ ಟೇಬಲ್‌ನ ಸಹೋದ್ಯೋಗಿ ಲ್ಯಾಬ್ ತೆಗೆದುಕೊಳ್ಳುವವರು. "ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ, ಮಷೀನ್‌ನಲ್ಲಿ ಓಡಿಸಿ ನೋಡೋಣ" ಅಂದರು. ಅವರ ಹಳೆಯ ಲ್ಯಾಬ್ ಪ್ರೋಗ್ರಾಮ್‌ಗೆ ನಮ್ಮ ಸಂಖ್ಯೆ ಕೊಟ್ಟೆವು. 4.5 ಬಂತು. ನಾನು ಸಂಜೆ ಕೂತು ಬೇರೆ ಒಂದು ಬರೆದೆ. 4.25 ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು, ವ್ಯತ್ಯಾಸ ಇರುವುದು ಒಂದೇ ಕಡೆ. ನನ್ನದರಲ್ಲಿ ಕ್ಯೂಗೆ ಸೇರಿಸುವ ಭಾಗ ಹೀಗಿತ್ತು:

```python
t += run
left[p] -= run
ready.extend(new_arrivals(t))
if left[p] > 0:
    ready.append(p)
```

ಅವರದರಲ್ಲಿ ಕೊನೆಯ ಎರಡು ಸಾಲು `extend` ಸಾಲಿಗಿಂತ ಮೇಲಿದ್ದವು. ಅಷ್ಟೇ. ಸಾಲು ಅದಲುಬದಲು ಮಾಡಿದರೆ ಒಂದು ಚಾರ್ಟ್ ಇನ್ನೊಂದಾಗುತ್ತದೆ. ಮಷೀನ್ ತೀರ್ಪು ಕೊಡುತ್ತದೆ ಅಂದುಕೊಂಡರೆ ಅದು ನಮ್ಮಿಬ್ಬರ ಅಭ್ಯಾಸವನ್ನೇ ನಮಗೆ ವಾಪಸ್ ಹೇಳಿತ್ತು.

ನಿಜವಾದ ಕಂಪ್ಯೂಟರ್‌ನಲ್ಲಿ ಈ ಜಗಳ ಹುಟ್ಟುವುದೇ ಇಲ್ಲ. ಒಂದು ಸಿಪಿಯು ಮೇಲೆ ಟೈಮರ್ ಇಂಟರಪ್ಟ್ ಮತ್ತು ಹೊಸ ಪ್ರೋಸೆಸ್ ತಯಾರಾಗುವುದು ಒಂದಾದ ಮೇಲೊಂದೇ ನಡೆಯುತ್ತವೆ. ಯಾವುದು ಮೊದಲು ನಡೆಯಿತೋ ಅದು ಮೊದಲು ಸಾಲಿಗೆ ನಿಂತಿರುತ್ತದೆ. ಕಾಗದದ ಮೇಲೆ ಪೂರ್ಣ ಸಂಖ್ಯೆಗಳಲ್ಲಿ ಲೆಕ್ಕ ಕೊಡುವವರು ನಾವು. 2 ಅಂದರೆ ಎಲ್ಲವೂ ಸರಿಯಾಗಿ 2ಕ್ಕೇ.

ಇಷ್ಟಾದ ಮೇಲೆ ಹುಡುಗಿಯ ಚಾರ್ಟ್ ತಪ್ಪಲ್ಲ ಎಂದು ಒಪ್ಪಲೇಬೇಕಾಯಿತು. 2ರಲ್ಲೂ 4ರಲ್ಲೂ ಅವಳು ಒಂದೇ ನಿಯಮ ಹಿಡಿದಿದ್ದಳು. ಅವಳ ಟರ್ನ್‌ಅರೌಂಡ್ 11, 7, 5, 6. ವೇಟಿಂಗ್ 6, 4, 4, 4. ಎಲ್ಲವೂ ಅವಳ ಚಾರ್ಟ್‌ಗೆ ಸರಿಯಾಗಿ ಹೊಂದುತ್ತಿದ್ದವು.

ಹಾಗಾದರೆ ಅವನಿಗೆ 4.25 ಎಲ್ಲಿಂದ ಬಂತು?

ನಿಜವಾಗಿ ನನ್ನ ನಿದ್ದೆ ಕೆಡಿಸಿದ್ದು ಈ ಪ್ರಶ್ನೆ. ಮೊದಲ ಅನುಮಾನ ನಕಲು. ಕೊನೆಯ ಸಂಖ್ಯೆ ಪಕ್ಕದವರಿಂದ ಎತ್ತಿರಬಹುದು ಅಂದುಕೊಂಡೆ. ಆದರೆ ಅವನ ಬುಕ್‌ನಲ್ಲಿ ಕಳೆಯುವ ಲೆಕ್ಕಗಳೆಲ್ಲ ಇದ್ದವು, ಹೊಡೆದುಹಾಕಿ ಮತ್ತೆ ಬರೆದದ್ದೂ ಇತ್ತು. ನಕಲು ಮಾಡಿದವರ ಬುಕ್ ಅಷ್ಟು ಕೊಳಕಾಗಿರುವುದಿಲ್ಲ.

ಅವನ ಟೇಬಲ್‌ನಲ್ಲಿ P2 ಮುಗಿದ ಹೊತ್ತು 7 ಎಂದಿತ್ತು. ಚಾರ್ಟ್‌ನಲ್ಲಿ P2ನ ಕೊನೆಯ ಬಾಕ್ಸ್ 7ರಿಂದ 8ರವರೆಗೆ. ಅವನು ಬಾಕ್ಸ್‌ನ ಎಡ ಅಂಚು ಓದಿದ್ದ. ಬಲ ಅಂಚು ಓದಬೇಕಿತ್ತು. ಬಾಕ್ಸ್ ಸಣ್ಣದಾದಾಗ ಈ ತಪ್ಪು ಬಹಳ ಆಗುತ್ತದೆ. 1 ಯೂನಿಟ್‌ನ ಬಾಕ್ಸ್‌ನಲ್ಲಿ ಎರಡು ಸಂಖ್ಯೆ ಅಂಟಿಕೊಂಡು ಕೂತಿರುತ್ತವೆ, ಕಣ್ಣು ಮೊದಲನೆಯದನ್ನು ಹಿಡಿಯುತ್ತದೆ.

ಹಾಗಾಗಿ P2ಗೆ ಟರ್ನ್‌ಅರೌಂಡ್ 7ರ ಬದಲು 6 ಆಯಿತು, ವೇಟಿಂಗ್ 4ರ ಬದಲು 3. ಒಟ್ಟು ವೇಟಿಂಗ್ 18 ಇರಬೇಕಾದದ್ದು 17 ಆಯಿತು. 17ನ್ನು 4ರಿಂದ ಭಾಗಿಸಿದರೆ 4.25. ಟರ್ನ್‌ಅರೌಂಡ್ ಒಟ್ಟು 29ರ ಬದಲು 28, ಸರಾಸರಿ 7. ಎರಡೂ ನನ್ನ ಕೀಗೆ ಹೊಂದಿದವು. ಬೇರೆ ಚಾರ್ಟ್, ಅದರ ಮೇಲೆ ಒಂದು ತಪ್ಪು ಓದು, ಆದರೂ ಉತ್ತರ "ಸರಿ". ತಪ್ಪಿಲ್ಲದ ಹುಡುಗಿಗೆ 3, ತಪ್ಪು ಓದಿದ ಹುಡುಗನಿಗೆ 10.

ಒಂದು ಮಾಮೂಲಿ ತಾಳೆ ಇದೆ, ನಾನೂ ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದೆ. ಸರಾಸರಿ ಟರ್ನ್‌ಅರೌಂಡ್‌ನಿಂದ ಸರಾಸರಿ ವೇಟಿಂಗ್ ಕಳೆದರೆ ಸರಾಸರಿ ಬರ್ಸ್ಟ್ ಬರಬೇಕು. ಇಲ್ಲಿ ಬರ್ಸ್ಟ್ ಒಟ್ಟು 11, ಸರಾಸರಿ 2.75. ನನ್ನ ಕೀಯಲ್ಲಿ 7 ಕಳೆ 4.25, 2.75. ಹುಡುಗಿಯದರಲ್ಲಿ 7.25 ಕಳೆ 4.5, ಅದೂ 2.75. ಹುಡುಗನದರಲ್ಲೂ 2.75! ಬರದೇ ಏನು ಮಾಡುತ್ತದೆ? ಅವನು ವೇಟಿಂಗ್ ತೆಗೆದದ್ದೇ ಟರ್ನ್‌ಅರೌಂಡ್‌ನಿಂದ ಬರ್ಸ್ಟ್ ಕಳೆದು. ಒಂದು ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದರೆ ಮನೆ ಸಿಕ್ಕೇ ಸಿಗುತ್ತದೆ. ಈ ತಾಳೆ ಕೂಡಿ ಕಳೆಯುವ ತಪ್ಪು ಹಿಡಿಯುತ್ತದೆ. ಚಾರ್ಟ್ ಓದುವ ತಪ್ಪು ಹಿಡಿಯುವುದಿಲ್ಲ.

ಖಾಲಿ ಜಾಗ ಎಣಿಸಿದಾಗ

ಬೇಕಿದ್ದದ್ದು ಎರಡನೇ ದಾರಿ, ಮೊದಲನೆಯದರ ಹಂಗಿಲ್ಲದ್ದು. ಅದು ಚಾರ್ಟ್‌ನಲ್ಲೇ ಇತ್ತು. ವೇಟಿಂಗ್ ಅಂದರೆ ಪ್ರೋಸೆಸ್ ಬಂದ ಮೇಲೆ, ಮುಗಿಯುವ ಮುಂಚೆ, ಸಿಪಿಯು ಸಿಗದೆ ನಿಂತ ಹೊತ್ತು. ಅದನ್ನು ನೇರವಾಗಿ ಎಣಿಸಬಹುದು. ಹುಡುಗನ ಚಾರ್ಟ್‌ನಲ್ಲಿ P2 ಬಂದದ್ದು 1ಕ್ಕೆ. 1ರಿಂದ 2ರವರೆಗೆ ನಿಂತಿತು, 1 ಯೂನಿಟ್. 2ರಿಂದ 4 ಓಡಿತು. 4ರಿಂದ 7 ನಿಂತಿತು, 3 ಯೂನಿಟ್. ಆಮೇಲೆ ಓಡಿ ಮುಗಿಯಿತು. ಒಟ್ಟು 4. ಅವನ ಟೇಬಲ್ 3 ಅನ್ನುತ್ತಿತ್ತು. ಸಿಕ್ಕಿಬಿತ್ತು.

ಎಲ್ಲರದನ್ನೂ ಒಟ್ಟಿಗೆ ಎಣಿಸಲು ಇನ್ನೂ ಒಂದು ಉಪಾಯ ಹೊಳೆಯಿತು. ಚಾರ್ಟ್ ಕೆಳಗೆ ಪ್ರತಿ ಯೂನಿಟ್‌ಗೆ ಒಂದು ಸಂಖ್ಯೆ ಬರೆಯುವುದು: ಆ ಹೊತ್ತಿನಲ್ಲಿ ಕ್ಯೂನಲ್ಲಿ ಎಷ್ಟು ಜನ ನಿಂತಿದ್ದಾರೆ. ರೇಷನ್ ಅಂಗಡಿ ಮುಂದೆ ಪ್ರತಿ ಐದು ನಿಮಿಷಕ್ಕೊಮ್ಮೆ ತಲೆ ಎಣಿಸಿದ ಹಾಗೆ. ಎಲ್ಲ ಕೂಡಿದರೆ ಒಟ್ಟು ವೇಟಿಂಗ್ ಬರುತ್ತದೆ. ಮೇಲಿನ ಸಾಲು ನನ್ನ ಚಾರ್ಟ್‌ನದು, ಕೆಳಗಿನದು ಹುಡುಗಿಯದು:

```
0 1 2 2 3 2 2 2 2 1 0  = 17
0 1 2 2 3 3 3 2 1 1 0  = 18
```

ಇಲ್ಲಿ ಯಾರ ಬರ್ಸ್ಟೂ ಬೇಡ, ಯಾರು ಯಾವಾಗ ಮುಗಿದರು ಎಂಬ ಕಳೆಯುವ ಲೆಕ್ಕವೂ ಬೇಡ. ಹಾಗಾಗಿಯೇ ಇದು ನಿಜವಾದ ತಾಳೆ. ಜೊತೆಗೆ 4.25 ಮತ್ತು 4.5ರ ನಡುವಿನ ಅಂತರ ಎಲ್ಲಿ ಹುಟ್ಟಿತು ಎಂದೂ ಕಾಣುತ್ತದೆ. ನನ್ನ ಚಾರ್ಟ್‌ನಲ್ಲಿ ಸಣ್ಣ ಕೆಲಸದ P3 ಐದಕ್ಕೇ ಮುಗಿದು ಹೋಗುತ್ತದೆ, ಕ್ಯೂ ಮೂರರಿಂದ ಎರಡಕ್ಕೆ ಇಳಿಯುತ್ತದೆ. ಹುಡುಗಿಯ ಚಾರ್ಟ್‌ನಲ್ಲಿ ಏಳರವರೆಗೂ ಮೂರು ಜನ ನಿಂತೇ ಇರುತ್ತಾರೆ. ಅದರಿಂದ ಎರಡು ಯೂನಿಟ್ ಜಾಸ್ತಿ. ಆಮೇಲೆ P2 ಬೇಗ ಮುಗಿದು ಒಂದು ಯೂನಿಟ್ ವಾಪಸ್ ಬರುತ್ತದೆ.

ಈ ಎಣಿಕೆಗೆ ಒಂದು ಮಿತಿ ಇದೆ, ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ಐ/ಓ ಸೇರಿಸಿದರೆ ಖಾಲಿ ಜಾಗವೆಲ್ಲ ವೇಟಿಂಗ್ ಅಲ್ಲ. ಡಿಸ್ಕ್‌ಗಾಗಿ ಕೂತ ಪ್ರೋಸೆಸ್ ರೆಡಿ ಕ್ಯೂನಲ್ಲಿ ಇರುವುದಿಲ್ಲ. ಆಗ ಟರ್ನ್‌ಅರೌಂಡ್‌ನಿಂದ ಸಿಪಿಯು ಬರ್ಸ್ಟ್ ಮಾತ್ರ ಕಳೆಯುವ ಸೂತ್ರವೂ ತಪ್ಪು ಉತ್ತರವನ್ನೇ ಕೊಡುತ್ತದೆ.

ಮತ್ತೆ ಎಲ್ಲ ಬುಕ್ ತಿದ್ದಿದ್ದು

ಹುಡುಗಿಗೆ ಮಾತ್ರ ಮಾರ್ಕ್ಸ್ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಆದರೆ 4.25 ಇದ್ದ ಬುಕ್‌ಗಳನ್ನು ನಾನು ಓದಿಯೇ ಇರಲಿಲ್ಲ ಅಲ್ವಾ. ಹಾಗಾಗಿ ಎಲ್ಲ ವಾಪಸ್ ತರಿಸಿದೆ. ಈ ಸಲ ಕೊನೆಯ ಸಾಲನ್ನು ಕೈಯಿಂದ ಮುಚ್ಚಿ ಚಾರ್ಟ್‌ನಿಂದ ಶುರು ಮಾಡಿದೆ.

ಚಾರ್ಟ್ 11ಕ್ಕೆ ಮುಗಿಯಬೇಕು. ಮಧ್ಯದಲ್ಲಿ ಸಿಪಿಯು ಖಾಲಿ ಕೂರುವ ಪ್ರಸಂಗ ಈ ಲೆಕ್ಕದಲ್ಲಿ ಇಲ್ಲ. 12ಕ್ಕೆ ಮುಗಿದ ಒಂದು ಚಾರ್ಟ್ ಸಿಕ್ಕಿತು. ಅಲ್ಲಿ P3ಗೆ ಇದ್ದದ್ದೇ 1 ಯೂನಿಟ್ ಕೆಲಸ, ಆದರೆ ಕ್ವಾಂಟಮ್ 2 ಅಂತ 4ರಿಂದ 6ರವರೆಗೆ ಪೂರ್ತಿ ಬಾಕ್ಸ್ ಕೊಟ್ಟಿದ್ದರು. ಕ್ವಾಂಟಮ್ ಅಂದರೆ ಗರಿಷ್ಠ ಮಿತಿ, ಕಡ್ಡಾಯ ಕೋಟಾ ಅಲ್ಲ ಎನ್ನುವುದು ಅವರ ತಲೆಗೆ ಹೋಗಿರಲಿಲ್ಲ. ಆಮೇಲೆ ಒಂದೊಂದು ಪ್ರೋಸೆಸ್‌ನ ಬಾಕ್ಸ್‌ಗಳನ್ನು ಕೂಡಿ ಬರ್ಸ್ಟ್‌ಗೆ ಹೊಂದುತ್ತದೆಯೇ ನೋಡುತ್ತಿದ್ದೆ. ಬಂದ ಹೊತ್ತಿಗಿಂತ ಮುಂಚೆ ಯಾವ ಬಾಕ್ಸೂ ಇರಬಾರದು. ಇದಿಷ್ಟು ಅರ್ಧ ನಿಮಿಷದ ಕೆಲಸ.

ಚಾರ್ಟ್ ಸರಿಯಿದ್ದೂ ಉತ್ತರ ತಪ್ಪಾಗಿದ್ದ ಬುಕ್‌ಗಳಲ್ಲಿ ಸಂಖ್ಯೆಯೇ ಕಾರಣ ಹೇಳುತ್ತಿತ್ತು. ನನ್ನ ಚಾರ್ಟ್ ಬರೆದು ವೇಟಿಂಗ್ 6 ಎಂದವರು ಅರೈವಲ್ ಕಳೆಯುವುದನ್ನು ಮರೆತಿದ್ದರು. ಅರೈವಲ್‌ಗಳ ಸರಾಸರಿ 1.75, ಅಷ್ಟೇ ಜಾಸ್ತಿ ಬಂದಿತ್ತು. 1.5 ಎಂದು ಬರೆದವರು ಮೊದಲ ಸಲ ಸಿಪಿಯು ಸಿಕ್ಕ ಹೊತ್ತಿನಿಂದ ಅರೈವಲ್ ಕಳೆದು ನಿಲ್ಲಿಸಿದ್ದರು. ಅದು ರೆಸ್ಪಾನ್ಸ್ ಟೈಮ್. ಬಂದ ಕ್ರಮದಲ್ಲೇ ಓಡಿಸುವ, ಮಧ್ಯದಲ್ಲಿ ಎಬ್ಬಿಸದ ಎಫ್‌ಸಿಎಫ್‌ಎಸ್‌ನಲ್ಲಿ ವೇಟಿಂಗೂ ಅದೂ ಒಂದೇ, ಮೊದಲ ಪಾಠದಲ್ಲಿ ಕಲಿತ ಅಭ್ಯಾಸ ರೌಂಡ್ ರಾಬಿನ್‌ಗೂ ಬಂದುಬಿಟ್ಟಿತ್ತು.

ಕಷ್ಟವಾದದ್ದು ಒಂದು ಬುಕ್. ಸರಾಸರಿ ವೇಟಿಂಗ್ ಸರಿಯಾಗಿ 4. ಕೂಡಿ ಕಳೆದದ್ದರಲ್ಲಿ ತಪ್ಪಿಲ್ಲ, ಅಂಚು ಓದಿದ್ದೂ ಸರಿ. ಕೊನೆಗೆ ನೋಡಿದರೆ 2ರಲ್ಲಿ ಹೊಸಬ P3ನ್ನು ಮುಂದೆ ನಿಲ್ಲಿಸಿದ್ದ, 4ರಲ್ಲಿ ಇಳಿದು ಬಂದ P2ನ್ನು ಮುಂದೆ ನಿಲ್ಲಿಸಿದ್ದ. ಎರಡು ಕಡೆ ಎರಡು ನಿಯಮ. ಎಲ್ಲಕ್ಕಿಂತ ಕಡಿಮೆ ವೇಟಿಂಗ್ ಬಂದದ್ದು ಈ ಚಾರ್ಟ್‌ನಲ್ಲಿ, ನೋಡಲು ಚೆನ್ನಾಗಿಯೇ ಇತ್ತು! ಯಾವ ನಿಯಮ ಎಂದು ಪ್ರಶ್ನೆ ಹೇಳಿಲ್ಲ, ನಿಜ. ಆದರೆ ಒಂದೇ ಚಾರ್ಟ್‌ನಲ್ಲಿ ನಿಯಮ ಬದಲಾದರೆ ಅದು ಶೆಡ್ಯೂಲರ್ ಅಲ್ಲ, ಮನಸ್ಸಿಗೆ ಬಂದ ಹಾಗೆ. ಚಾರ್ಟ್‌ನಲ್ಲಿ 1 ಮಾರ್ಕ್ ತೆಗೆದು ಉಳಿದದ್ದು ಪೂರ್ತಿ ಕೊಟ್ಟೆ. ಇದಕ್ಕೆ ಸಹೋದ್ಯೋಗಿಯ ಒಪ್ಪಿಗೆ ಸಿಗಲಿಲ್ಲ, ಅವರು 2 ತೆಗೆಯಿರಿ ಅಂದರು.

ಹುಡುಗಿಗೆ 10 ಆಯಿತು. ಹುಡುಗನದು 8ಕ್ಕೆ ಇಳಿಯಿತು. P2ನ ಎರಡು ಸಾಲಿಗೆ ಅರ್ಧರ್ಧ, ಸರಾಸರಿಗಳಿಗೆ ಒಂದು. "ಕೊಟ್ಟ ಮಾರ್ಕ್ಸ್ ಕಿತ್ಕೋಬೇಡಿ" ಎಂದು ಸ್ಟಾಫ್ ರೂಮ್‌ನಲ್ಲಿ ಒಬ್ಬಿಬ್ಬರು ಹೇಳಿದರು. ನನ್ನ ತಪ್ಪಿಗೆ ಅವನು ಯಾಕೆ ದಂಡ ಕಟ್ಟಬೇಕು ಎನ್ನುವ ಮಾತೂ ಸರಿಯೇ. ಆದರೆ ಮಿಕ್ಕವರ ಬುಕ್‌ನಲ್ಲಿ ಅಂಚು ತಪ್ಪು ಓದಿದ್ದಕ್ಕೆ ಮಾರ್ಕ್ಸ್ ತೆಗೆದು ಇವನಿಗೆ ಬಿಡುವುದು ನನಗೆ ಆಗಲಿಲ್ಲ.

ಮುಂದಿನ ಸೆಮಿಸ್ಟರ್‌ಗೆ ಪ್ರಶ್ನೆ ಬದಲಿಸುವಾಗ ಎರಡು ದಾರಿ ಇದ್ದವು. ಕ್ವಾಂಟಮ್ 3 ಇಟ್ಟರೆ ಇವೇ ಸಂಖ್ಯೆಗಳಲ್ಲಿ ಯಾವ ಅರೈವಲೂ ಕ್ವಾಂಟಮ್ ಅಂಚಿಗೆ ಬೀಳುವುದಿಲ್ಲ, ಸರಾಸರಿ ವೇಟಿಂಗ್ ಯಾರು ಮಾಡಿದರೂ 3.75. ಆದರೆ ಆಗ ಮಧ್ಯದಲ್ಲಿ ಇಳಿಯುವುದು P1 ಒಂದೇ, ಲೆಕ್ಕ ಸಪ್ಪೆ. ಹಾಗಾಗಿ ಕ್ವಾಂಟಮ್ 2 ಉಳಿಸಿಕೊಂಡು ಒಂದು ಸಾಲು ಸೇರಿಸಿದೆ: "ಒಂದೇ ಕ್ಷಣದಲ್ಲಿ ಹೊಸ ಪ್ರೋಸೆಸ್ ಬಂದು, ಓಡುತ್ತಿದ್ದದ್ದರ ಕ್ವಾಂಟಮ್ ಮುಗಿದರೆ, ಹೊಸದು ಕ್ಯೂನಲ್ಲಿ ಮುಂದೆ ನಿಲ್ಲುತ್ತದೆ ಎಂದು ಭಾವಿಸಿ."

ಮಾರ್ಕ್ಸ್ ಇಳಿಸಿದ ದಿನ ಹುಡುಗ ಬಂದಿದ್ದ. ಜಗಳಕ್ಕಲ್ಲ. "ಮೇಡಂ, ಕೀಗೆ ಮ್ಯಾಚ್ ಆಗಿತ್ತಲ್ಲ" ಎಂದಷ್ಟೇ ಕೇಳಿದ. ಅವನದೇ ಚಾರ್ಟ್ ಮುಂದಿಟ್ಟು, 7 ಮತ್ತು 8ರ ನಡುವಿನ ಸಣ್ಣ ಬಾಕ್ಸ್ ಮೇಲೆ ಪೆನ್ ಇಟ್ಟು ಕೇಳಿದೆ, "P2 ಏಳಕ್ಕೇ ಮುಗಿದಿದ್ದರೆ ಇಲ್ಲಿ ಓಡ್ತಾ ಇರೋದು ಯಾರು?"

ಸ್ವಲ್ಪ ಹೊತ್ತು ನೋಡಿದ. "P2 ಮೇಡಂ" ಅಂದ. ಬುಕ್ ತೆಗೆದುಕೊಂಡು ಹೋದ.